ಟರ್ಮಿನಲ್ ಏರಿದರೆ ಕಾಫಿ ಕೊಳ್ಳುವವರು ಯಾಕೆ ಹಿಂದೆ ಸರಿಯುತ್ತಾರೆ?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯ ಸಣ್ಣ ಬೆಳೆಗಾರ. ಲಂಡನ್ ಟರ್ಮಿನಲ್ ಜೋರಾಗಿ ಏರಿದಾಗಲೆಲ್ಲ ನಮ್ಮ ಚೆರಿ ಕೊಳ್ಳುವವರು "ದಿನಾ ಮಾರ್ಜಿನ್ ಕಟ್ಟಿ ಸಾಕಾಗಿದೆ, ಈಗ ತಗೊಳ್ಳಲ್ಲ" ಅಂತಾರೆ. ಗೋಡೌನಿನಲ್ಲಿ ಮಾಲು ಇರುವವರಿಗೆ ರೇಟು ಏರಿದರೆ ಲಾಭ ತಾನೆ? ದಿನಾ ದುಡ್ಡು ಕಟ್ಟೋದು ಯಾರಿಗೆ, ಯಾಕೆ?

ಉತ್ತರ:

ಕುಶಾಲನಗರದಲ್ಲಿ ರಫ್ತು ಮಾಡುವವರೊಬ್ಬರ ಹತ್ತಿರ ಈ ಮಾರ್ಜಿನ್ ಲೆಕ್ಕವನ್ನೇ ನೋಡಿಕೊಳ್ಳುತ್ತಿದ್ದೆ. ನಿಮ್ಮ ವ್ಯಾಪಾರಿ ಹೇಳಿದ್ದು ನಿಜವೂ ಇರಬಹುದು, ಸುಮ್ನೆ ನೆಪವೂ ಇರಬಹುದು. ಯಾವುದು ಅಂತ ಕಂಡುಹಿಡಿಯೋದು ಹೇಗೆ ಅನ್ನೋದನ್ನು ಕೊನೆಗೆ ಹೇಳುತ್ತೇನೆ.

ರಫ್ತುದಾರರು ನಿಮ್ಮಂಥವರಿಂದ ಇವತ್ತಿನ ರೇಟಿಗೆ ಮಾಲು ತಗೊಳ್ಳುತ್ತಾರೆ. ಅದು ಕ್ಯೂರಿಂಗ್ ಆಗಿ, ವಿದೇಶದ ಗಿರಾಕಿ ಸಿಕ್ಕಿ, ರೇಟು ನಿಗದಿಯಾಗುವ ಹೊತ್ತಿಗೆ ವಾರಗಳೇ ಕಳೆಯುತ್ತವೆ. ಆ ನಡುವೆ ರೇಟು ಬಿದ್ದರೆ ಕಥೆ ಮುಗಿಯಿತು. ಅದಕ್ಕೇ ಅಷ್ಟೇ ತೂಕದ ರೋಬಸ್ಟಾ ಫ್ಯೂಚರ್ಸನ್ನು, ಅಂದರೆ ಮುಂದಿನ ತಿಂಗಳುಗಳ ಕಾಫಿಗೆ ಇವತ್ತೇ ರೇಟು ಕಟ್ಟುವ ಒಪ್ಪಂದಗಳನ್ನು, ಲಂಡನ್ ಎಕ್ಸ್‌ಚೇಂಜಿನಲ್ಲಿ ಮಾರಿಟ್ಟಿರುತ್ತಾರೆ. ಟರ್ಮಿನಲ್ ಅನ್ನೋದು ಈ ಫ್ಯೂಚರ್ಸ್ ರೇಟಿಗೇ. ರೇಟು ಬಿದ್ದರೆ ಮಾಲಿನಲ್ಲಿ ಹೋದದ್ದು ಫ್ಯೂಚರ್ಸ್‌ನಲ್ಲಿ ಬರುತ್ತದೆ. ಏರಿದರೆ ಮಾಲಿನಲ್ಲಿ ಬಂದದ್ದು ಫ್ಯೂಚರ್ಸ್‌ನಲ್ಲಿ ಹೋಗುತ್ತದೆ. ಕಾಗದದ ಮೇಲೆ ಹೆಚ್ಚುಕಮ್ಮಿ ಸಮ. ತೊಂದರೆ ಬರುವುದು ದುಡ್ಡು ಕೈಗೆ ಬರುವ ಹೊತ್ತು ಮತ್ತು ಕೈಯಿಂದ ಹೋಗುವ ಹೊತ್ತಿನಲ್ಲಿ.

ಒಂದು ಲೆಕ್ಕ ಮಾಡೋಣ. ಗೋಡೌನಿನಲ್ಲಿ 100 ಟನ್ ರೋಬಸ್ಟಾ ಇದೆ. ಲಂಡನ್‌ನ ಒಂದು ಲಾಟ್ ಅಂದರೆ 10 ಟನ್, ಹಾಗಾಗಿ 10 ಲಾಟ್ ಮಾರಬೇಕು. ಟನ್ನಿಗೆ 4,000 ಡಾಲರಿಗೆ ಮಾರಿದರು ಅಂದುಕೊಳ್ಳಿ. ಟರ್ಮಿನಲ್ ಒಂದು ಡಾಲರ್ ಅಲ್ಲಾಡಿದರೂ ಈ 10 ಲಾಟಿಗೆ 100 ಡಾಲರ್ ವ್ಯತ್ಯಾಸ ಆಗುತ್ತದೆ.

ಮೊದಲು ಕಟ್ಟಬೇಕಾದದ್ದು ಇನಿಷಿಯಲ್ ಮಾರ್ಜಿನ್. ಇದು ಬಾಡಿಗೆ ಮನೆಯ ಅಡ್ವಾನ್ಸ್ ಇದ್ದಂತೆ: ವ್ಯವಹಾರ ಮುಗಿಸಿದ ಮೇಲೆ ವಾಪಸ್ ಬರುತ್ತದೆ. ಎಷ್ಟು ಅಂತ ಎಕ್ಸ್‌ಚೇಂಜಿನ ವ್ಯವಹಾರಗಳ ಲೆಕ್ಕ ತೀರಿಸುವ ಕ್ಲಿಯರಿಂಗ್ ಹೌಸ್ ನಿರ್ಧರಿಸುತ್ತದೆ, ಅದರ ಮೇಲೆ ಬ್ರೋಕರ್ ಇನ್ನಷ್ಟು ಕೇಳಬಹುದು. ನಮ್ಮ ಲೆಕ್ಕಕ್ಕೆ ಲಾಟಿಗೆ 3,000 ಡಾಲರ್, ಒಟ್ಟು 30,000 ಅಂತ ಇಟ್ಟುಕೊಳ್ಳೋಣ.

ಇನ್ನು ದಿನದ ಲೆಕ್ಕ. ಲಂಡನ್‌ನಲ್ಲಿ ಸಂಜೆ ಐದೂವರೆಗೆ ರೋಬಸ್ಟಾ ವಹಿವಾಟು ಮುಗಿಯುತ್ತದೆ. ನಮಗೆ ಆಗ ರಾತ್ರಿ ಹತ್ತು, ಅವರ ಚಳಿಗಾಲದಲ್ಲಾದರೆ ಹನ್ನೊಂದು. ಮುಗಿಯುವ ಹೊತ್ತಿನ ವಹಿವಾಟು ನೋಡಿ ಎಕ್ಸ್‌ಚೇಂಜ್ ಒಂದು ಸೆಟಲ್‌ಮೆಂಟ್ ಬೆಲೆ ಪ್ರಕಟಿಸುತ್ತದೆ. ಎಲ್ಲರ ಲೆಕ್ಕವೂ ಅದೇ ಬೆಲೆಗೆ. ಮೊಬೈಲಿನಲ್ಲಿ ನೀವು ಕೊನೆಗೆ ನೋಡಿದ ರೇಟಿಗೂ ಅದಕ್ಕೂ ಕೆಲವು ಡಾಲರ್ ವ್ಯತ್ಯಾಸ ಇರಬಹುದು. ಕೊನೆಯ ಒಂದು ಸಣ್ಣ ವಹಿವಾಟಿನ ಮೇಲೆ ಎಲ್ಲರ ದುಡ್ಡು ತೀರ್ಮಾನ ಆಗಬಾರದಲ್ಲ, ಅದಕ್ಕೆ.

ಮೊದಲ ದಿನ ಸೆಟಲ್‌ಮೆಂಟ್ 4,060 ಆಯಿತು. ಮಾರಿದ ರೇಟಿಗಿಂತ 60 ಜಾಸ್ತಿ, ಹಾಗಾಗಿ 6,000 ಡಾಲರ್ ಕಟ್ಟಬೇಕು. ಕಟ್ಟಿದ ಮೇಲೆ ಹಳೆಯ 4,000ವನ್ನು ಮರೆತುಬಿಡಿ. ಮಾರನೇ ದಿನ ಲೆಕ್ಕ ಶುರುವಾಗುವುದೇ 4,060ರಿಂದ. ಎರಡನೇ ದಿನ 4,210. ಇನ್ನೂ 150 ಏರಿತು, 15,000 ಡಾಲರ್ ಕಟ್ಟಬೇಕು. ಮೂರನೇ ದಿನ 4,130ಕ್ಕೆ ಇಳಿಯಿತು. ಈಗ 8,000 ಡಾಲರ್ ಇವರ ಖಾತೆಗೆ ಬರುತ್ತದೆ. ಮೂರು ದಿನ ಕೂಡಿಸಿದರೆ ಕೈಬಿಟ್ಟದ್ದು 13,000. 4,000ಕ್ಕೂ 4,130ಕ್ಕೂ ಇರುವ ವ್ಯತ್ಯಾಸವನ್ನು 100 ಟನ್ನಿಗೆ ಗುಣಿಸಿದರೂ ಅಷ್ಟೇ ಬರುತ್ತದೆ.

ಈ ದುಡ್ಡು ಹೋಗಿದ್ದು ಎಲ್ಲಿಗೆ? ಆ ದಿನ ಫ್ಯೂಚರ್ಸ್ ಕೊಂಡು ಹಿಡಿದುಕೊಂಡವರಿಗೆ. ನಡುವೆ ಕ್ಲಿಯರಿಂಗ್ ಹೌಸ್ ನಿಂತಿರುತ್ತದೆ. ಮಾರಿದವನಿಗೆ ಅದೇ ಕೊಂಡವನು, ಕೊಂಡವನಿಗೆ ಅದೇ ಮಾರಿದವನು. ಒಂದು ಕಡೆಯಿಂದ ವಸೂಲು ಮಾಡಿ ಇನ್ನೊಂದು ಕಡೆಗೆ ಕೊಡುತ್ತದೆ, ಬಾಕಿ ಇಟ್ಟುಕೊಳ್ಳುವುದಿಲ್ಲ. ಯಾರ ಸಾಲವೂ ಬೆಳೆಯಲು ಬಿಡದೆ ದಿನಾ ತೀರಿಸಿಕೊಳ್ಳುವುದರಿಂದಲೇ ಇಷ್ಟು ಕಡಿಮೆ ಅಡ್ವಾನ್ಸಿನಲ್ಲಿ ನಾಲ್ಕು ಲಕ್ಷ ಡಾಲರಿನ ಮಾಲಿನ ವ್ಯವಹಾರ ನಡೆಯುತ್ತದೆ. ಒಂದೆರಡು ದಿನದ ಏರಿಳಿತಕ್ಕೆ ಸಾಲುವಷ್ಟು ಅಡ್ವಾನ್ಸ್ ಇದ್ದರೆ ಸಾಕು.

ಮಾರುಕಟ್ಟೆ ಹೀಗೆ ಹಾರಾಡತೊಡಗಿದರೆ ಒಂದೆರಡು ದಿನದ ಏರಿಳಿತವೇ ದೊಡ್ಡದಾಗುತ್ತದೆ. ಆಗ ಅಡ್ವಾನ್ಸನ್ನೂ ಏರಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಎರಡನೇ ದಿನವೇ ಲಾಟಿಗೆ 3,500 ಮಾಡಿದರು ಅನ್ನಿ, ಇನ್ನೊಂದು 5,000 ಡಾಲರ್. ಎರಡೇ ದಿನಕ್ಕೆ 26,000 ಡಾಲರ್ ಹೊಂದಿಸಬೇಕು. ಡಾಲರಿಗೆ 85 ರೂಪಾಯಿ ಹಿಡಿದರೆ 22 ಲಕ್ಷ ದಾಟುತ್ತದೆ. ಅತ್ತ ಗೋಡೌನಿನ ಕಾಫಿಯ ಬೆಲೆ ಟನ್ನಿಗೆ 210 ಡಾಲರ್ ಏರಿರಬಹುದು, ನಿಜ. ಆದರೆ ಚೀಲ ತಗೊಂಡು ಹೋಗಿ ಬ್ರೋಕರಿಗೆ ಕೊಡಲಾಗುವುದಿಲ್ಲವಲ್ಲ. ಆ ಲಾಭ ಕೈಗೆ ಸಿಗುವುದು ಮಾಲು ಮಾರಿದ ಮೇಲೆ. ಇಲ್ಲಿ ನಗದು ಬೇಕು, ಅದೂ ಡಾಲರಿನಲ್ಲಿ, ಅದೂ ಬೆಳಗಾದರೆ. ಪುತ್ತರಿಗೆ ಕೊಡಗಿನಲ್ಲಿ ರಜೆ ಅಂತ ಲಂಡನ್ ಕಾಯುವುದಿಲ್ಲ. ಅದಕ್ಕೇ ಅನುಭವ ಇರುವವರು ಬ್ರೋಕರ್ ಖಾತೆಯಲ್ಲಿ ಯಾವಾಗಲೂ ಒಂದಷ್ಟು ಹೆಚ್ಚಿಗೆ ಇಟ್ಟಿರುತ್ತಾರೆ.

ಕಟ್ಟದಿದ್ದರೆ? ಬ್ರೋಕರ್ ತಾನೇ 10 ಲಾಟ್ ಕೊಂಡು ವ್ಯವಹಾರ ಮುಚ್ಚಿಬಿಡುತ್ತಾನೆ, ಅದೂ ರೇಟು ಎತ್ತರದಲ್ಲಿರುವಾಗ. ಅಲ್ಲಿಗೆ ಫ್ಯೂಚರ್ಸ್‌ನ ನಷ್ಟ ಖಾಯಂ ಆಯಿತು. ಗೋಡೌನಿನ ಮಾಲಿಗೆ ಇದ್ದ ರಕ್ಷಣೆಯೂ ಹೋಯಿತು. ಮುಂದಿನ ವಾರ ರೇಟು ಬಿದ್ದರೆ ಎರಡೂ ಕಡೆ ಪೆಟ್ಟು. ನನ್ನ ಪ್ರಕಾರ ಇದು ಲಂಡನ್‌ನಲ್ಲಿ ಮಾರಿಡದೆ ಇರುವುದಕ್ಕಿಂತ ಕೆಟ್ಟದ್ದು.

2024ರ ಶುರುವಿನಲ್ಲಿ 3,000 ಡಾಲರಿನ ಆಸುಪಾಸಿನಲ್ಲಿದ್ದ ರೋಬಸ್ಟಾ ಸೆಪ್ಟೆಂಬರ್ ಹೊತ್ತಿಗೆ 5,000 ದಾಟಿದ್ದು ನಿಮಗೆ ನೆನಪಿರಬೇಕು. ಟರ್ಮಿನಲ್ 1,000 ಡಾಲರ್ ಏರಿದರೆ ಈ 10 ಲಾಟಿಗೇ ಒಂದು ಲಕ್ಷ ಡಾಲರ್ ನಗದು ಹೊರಗೆ ಹೋಗುತ್ತದೆ. ಅಂಥ ಸಮಯದಲ್ಲಿ ಬ್ಯಾಂಕಿನ ಮಿತಿ ಮಾರ್ಜಿನ್ನಿಗೇ ಖರ್ಚಾಗಿ, ಹೊಸ ಚೆರಿ ಕೊಳ್ಳಲು ದುಡ್ಡು ಉಳಿಯುವುದಿಲ್ಲ. ಹೊಸದಾಗಿ ಕೊಂಡರೆ ಅದಕ್ಕೂ ಲಾಟ್ ಮಾರಬೇಕು, ಅದಕ್ಕೂ ಅಡ್ವಾನ್ಸ್ ಬೇಕು. ಅವರು ಹಿಂದೆ ಸರಿಯುವುದು ಇದಕ್ಕೇ.

ಈಗ ನೆಪದ ವಿಷಯ. ಮಾರ್ಜಿನ್ ಕಟ್ಟುವುದು ಲಂಡನ್‌ನಲ್ಲಿ ನಿಜವಾಗಿ ಮಾರಿಟ್ಟವರು ಮಾತ್ರ. ಪೇಟೆಯಲ್ಲಿ ಚೆರಿ ಕೊಂಡು ಎರಡೇ ದಿನಕ್ಕೆ ಕ್ಯೂರಿಂಗ್ ವರ್ಕ್ಸಿಗೆ ದಾಟಿಸುವ ಸಣ್ಣ ವ್ಯಾಪಾರಿಗೆ ಸಾಮಾನ್ಯವಾಗಿ ಈ ತಲೆನೋವೇ ಇರುವುದಿಲ್ಲ. ವೈಯಕ್ತಿಕವಾಗಿ ವಿದೇಶಿ ಎಕ್ಸ್‌ಚೇಂಜಿಗೆ ಮಾರ್ಜಿನ್ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲೂ ಅವಕಾಶ ಇಲ್ಲ. ತನ್ನಿಂದ ಮಾಲು ಕೊಳ್ಳುವ ದೊಡ್ಡವರು ಕೈ ಬಿಗಿಹಿಡಿದಿದ್ದಾರೆ ಅನ್ನುವುದನ್ನೇ ಅವನು ಹಾಗೆ ಹೇಳುತ್ತಿರಬಹುದು.

ಇನ್ನೊಂದು ಗುರುತು ಇದೆ. ಟರ್ಮಿನಲ್ ಸತತವಾಗಿ ಇಳಿಯುವ ವಾರದಲ್ಲಿ, ಮಾರಿಟ್ಟವರ ಖಾತೆಗೆ ದಿನಾ ದುಡ್ಡು ಬರುತ್ತಿರುತ್ತದೆ. ಆಗ ಅವರು ರೇಟು ಕಡಿಮೆ ಹೇಳಬಹುದು, ಆದರೆ ಮಾರ್ಜಿನ್ ಕಾರಣಕ್ಕೆ ಕೊಳ್ಳುವುದಿಲ್ಲ ಅನ್ನಲು ಬರುವುದಿಲ್ಲ. ಇಳಿಯುವ ವಾರದಲ್ಲೂ ಅದೇ ಮಾತು ಬಂದರೆ "ಹೋದ ವಾರ ಕಟ್ಟಿದ್ದು ಈ ವಾರ ವಾಪಸ್ ಬರ್ಬೇಕಲ್ವಾ?" ಅಂತ ಕೇಳಿ ನೋಡಿ.