ಚಿತ್ರ ಬರುತ್ತೆ, ಪಾಠ ಬರಲ್ಲ: ಏಕೆ?

ಪ್ರಶ್ನೆ: ನಾನು ಯಾದಗಿರಿ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳ್ತೀನಿ. ಹತ್ತನೇ ತರಗತಿಯಲ್ಲಿ ಪರೀಕ್ಷೆಗೆ ಬರೋದಷ್ಟೇ ಕಲಿಸಿದರೆ ನಿಜವಾಗಿ ಏನು ಹೋಗುತ್ತೆ?

ಉತ್ತರ: ಮೊದಲು ಹೋಗುವುದು ಪ್ರಯೋಗ. ವಿಜ್ಞಾನದ 100 ಅಂಕದಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 20ನ್ನು ಧಾರಾಳವಾಗಿ ಹಾಕುವ ರೂಢಿ ಇರುವುದರಿಂದ ಶಿಕ್ಷಕರ ಗಮನವೆಲ್ಲ 80ರ ಮೇಲೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಕೊನೆಯ ಸ್ಥಾನದಲ್ಲಿದ್ದವು. ಇಂಥ ಕಡೆ ಪಾಸಾಗಲು ಬೇಕಾದಷ್ಟನ್ನೇ ಆಯ್ದು ಅಭ್ಯಾಸ ಮಾಡಿಸುವ ಪಾಸಿಂಗ್ ಪ್ಯಾಕೇಜಿನ ಒತ್ತಡ ಹೆಚ್ಚಾಗುವುದು ಸಹಜ. ಇದನ್ನೇ ವಾಷ್‌ಬ್ಯಾಕ್ ಅನ್ನೋದು: ಪರೀಕ್ಷೆ ಹಿಂದಕ್ಕೆ ಬಂದು ಪಾಠವನ್ನು ತಿದ್ದುತ್ತದೆ.

ಪೀನ ಮಸೂರವನ್ನೇ ನೋಡಿ. ವಸ್ತು 2F₁ನಲ್ಲಿರುವ ಕಿರಣಚಿತ್ರವನ್ನು ಹತ್ತು ಸಲ ಬರೆಸಿದರೆ ಮಗು ಕಣ್ಣುಮುಚ್ಚಿ ಬರೆಯುತ್ತದೆ, ಅಂಕವೂ ಸಿಗುತ್ತದೆ. ಆದರೆ ಕಲಿತದ್ದು ಗೆರೆಗಳ ಆಕಾರ, ಬೆಳಕಿನ ದಾರಿಯಲ್ಲ. ಪರೀಕ್ಷಿಸೋದು ಸುಲಭ. 10 ಸೆಂ.ಮೀ. ಸಂಗಮದೂರದ ಮಸೂರದ ಮುಂದೆ 20 ಸೆಂ.ಮೀ.ಗೆ ಮೇಣದಬತ್ತಿ ಇಡಿ. ಆಚೆ 20 ಸೆಂ.ಮೀ.ಗೆ ಹಿಡಿದ ಕಾಗದದ ಮೇಲೆ ಅಷ್ಟೇ ಗಾತ್ರದ ತಲೆಕೆಳಗಾದ ಜ್ವಾಲೆ ಕಾಣುತ್ತದೆ. ಈಗ ಬತ್ತಿಯನ್ನು 15ಕ್ಕೆ ಸರಿಸಿ, ಕಾಗದ ಎತ್ತ ಸರಿಸಬೇಕು ಅಂತ ಕೇಳಿ. ಬಾಯಿಪಾಠದ ಮಗು ಹತ್ತಿರಕ್ಕೆ ತರಬಹುದು, ಇಲ್ಲವೇ ಸುಮ್ಮನಾಗಬಹುದು. ಸರಿಯಾದ ಜಾಗ 30 ಸೆಂ.ಮೀ., ಅಲ್ಲಿ ಜ್ವಾಲೆ ಎರಡು ಪಟ್ಟು ದೊಡ್ಡದು.

ಪ್ಯಾಕೇಜನ್ನು ಪೂರ್ತಿ ಬಿಡಿ ಅನ್ನೋದು ಅನ್ಯಾಯ, ಅಂಚಿನಲ್ಲಿರುವ ಮಗುವಿಗೆ ಅದು ಬೇಕು. ಆದರೆ ಪ್ರಯೋಗ ಮೊದಲು, ಚಿತ್ರ ಆಮೇಲೆ. ಸರಣಿ ಪರೀಕ್ಷೆಯಲ್ಲಿ ವಸ್ತುವಿನ ಜಾಗ ಬದಲಿಸಿ ಒಂದು ಪ್ರಶ್ನೆ ಹಾಕಿ.