ಫೋನಿನ ‘ಹಲೋ’

ಪ್ರಶ್ನೆ: ಎದುರು ಸಿಕ್ಕರೆ ‘ಊಟ ಆಯ್ತಾ’ ಅಂತೀವಿ, ಫೋನಲ್ಲಿ ಮಾತ್ರ ‘ಹಲೋ’ ಯಾಕೆ?

ಆ ಮೊದಲ ‘ಹಲೋ’ ನಮಸ್ಕಾರವಲ್ಲ, ಓಗೊಡುವುದು. ಗಂಟೆ ಕರೆಯುತ್ತದೆ, ಎತ್ತಿದವರು ‘ಹಾಂ, ಇದ್ದೇನೆ’ ಎಂದ ಹಾಗೆ. ಅಮೆರಿಕದ ಸಮಾಜಶಾಸ್ತ್ರಜ್ಞ ಇಮ್ಯಾನುಯೆಲ್ ಶೆಗ್ಲಾಫ್ ಸುಮಾರು 500 ಕರೆಗಳ ಆರಂಭವನ್ನು ನೋಡಿ 1968ರಲ್ಲಿ ಇದನ್ನು ಬರೆದರು. ಎಲ್ಲದರಲ್ಲೂ ಎತ್ತಿದವರದ್ದೇ ಮೊದಲ ಮಾತು, ಒಂದನ್ನು ಬಿಟ್ಟು. ಅದರಲ್ಲಿ ಎತ್ತಿದವರು ಸುಮ್ಮನಿದ್ದರು. ಫೋನ್ ಮಾಡಿದವರೇ ‘ಹಲೋ’ ಎಂದು ಮತ್ತೆ ಕರೆಯಬೇಕಾಯಿತು.

ಸಾಗರದ ನಮ್ಮ ಮನೆಗೆ ಯಾರಾದರೂ ಬಂದರೆ ಅಂಗಳದಲ್ಲೇ ಮುಖ ಕಾಣುತ್ತದೆ. ‘ಬನ್ನಿ ಬನ್ನಿ, ಆಸರಿಗೆ ಏನು ಕೊಡಲಿ?’ ಅಂದರೆ ಆಯಿತು. ಲ್ಯಾಂಡ್‌ಲೈನಿನಲ್ಲಿ ಮುಖವಿಲ್ಲ, ಅಲ್ವಾ? ಅದಕ್ಕೇ ಹೀಗೆ ನಡೆಯುತ್ತಿತ್ತು:

‘ಹಲೋ.’
‘ಹಲೋ, ಅತ್ತೆ...’
‘ಯಾರು ಮಾತಾಡೋದು?’
‘ನಾನತ್ತೆ, ತೀರ್ಥಹಳ್ಳಿಯಿಂದ.’
‘ಓ, ನೀನಾ! ಮಳೆ ಹೇಗಿದೆ ಅಲ್ಲಿ?’

ಗುರುತು ಸಿಕ್ಕ ಮೇಲೆಯೇ ಕುಶಲ. ನನ್ನ ಮಟ್ಟಿಗೆ ಆ ‘ಓ, ನೀನಾ!’ ನಿಜವಾದ ನಮಸ್ಕಾರ. ತೀರಾ ಹತ್ತಿರದವರಾದರೆ ಊರು, ಹೆಸರು ಬೇಡ, ದನಿಯೇ ಸಾಕು.

ಮೊಬೈಲಿನಲ್ಲಿ ಹೆಸರು ಮೊದಲೇ ಕಾಣುತ್ತದೆ. ಹಾಗಾಗಿ ನೇರವಾಗಿ ‘ಹೇಳು’ ಅಂತ ಶುರು. ಜಾಗ ಮಾತ್ರ ಕಾಣುವುದಿಲ್ಲ, ಅದಕ್ಕೆ ‘ಎಲ್ಲಿದ್ದೀಯಾ?’ ಜಾಸ್ತಿಯಾಗಿದೆ. ಘಟ್ಟದಲ್ಲಿ ಸಿಗ್ನಲ್ ಹೋದಾಗ ‘ಹಲೋ, ಹಲೋ’ ಅಂತೀವಲ್ಲ, ಅದು ಆ 500ರಲ್ಲಿ ಬೇರೆಯಾಗಿದ್ದ ಒಂದೇ ಒಂದು ಕರೆಯ ‘ಹಲೋ’ದಂಥದ್ದೇ.