ಚಾರ್ಜ್ ಆಗುವ ಫೋನ್ ಕಂಪ್ಯೂಟರಿನಲ್ಲಿ ಕಾಣಿಸದಿದ್ದಾಗ

"ಕೇಬಲ್ ಹಾಕಿದರೆ ನನ್ನ ಆಂಡ್ರಾಯ್ಡ್ ಫೋನ್ ಚಾರ್ಜ್ ಆಗುತ್ತದೆ, ಆದರೆ ವಿಂಡೋಸ್ ಕಂಪ್ಯೂಟರಿನಲ್ಲಿ ಕಾಣಿಸುವುದೇ ಇಲ್ಲ. ಫೋಟೋಗಳನ್ನು ಕಾಪಿ ಮಾಡಿಕೊಳ್ಳಬೇಕು. ಫೋನಿನ ಪೋರ್ಟ್ ಹಾಳಾಗಿದೆಯೇ?"

ಪೋರ್ಟಿನ ಮೇಲಿನ ಅನುಮಾನವನ್ನು ಕೊನೆಗೆ ಇಟ್ಟುಕೊಳ್ಳಿ. ಚಾರ್ಜ್ ಸರಿಯಾಗಿ ಆಗುತ್ತಿರುವಾಗ ಮೊದಲು ನೋಡಬೇಕಾದ ಕಾರಣಗಳು ಎರಡು: ಕೇಬಲ್ಲಿನೊಳಗೆ ಡೇಟಾ ತಂತಿಗಳೇ ಇಲ್ಲದಿರಬಹುದು, ಅಥವಾ ತಂತಿಗಳಿದ್ದರೂ ಫೋನ್ ಚಾರ್ಜ್ ಮಾತ್ರ ಮಾಡಿಕೊಳ್ಳುವ ಮೋಡ್‌ನಲ್ಲಿರಬಹುದು. ಕೇಬಲ್ ಚುಚ್ಚಿದ್ದು ಕಂಪ್ಯೂಟರಿನ ಗಮನಕ್ಕೆ ಬಂತೇ ಇಲ್ಲವೇ ಎಂದು ತಿಳಿದರೆ ಇವೆರಡರಲ್ಲಿ ಯಾವುದು ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ.

ಅದನ್ನು ಹೀಗೆ ಪರೀಕ್ಷಿಸಿ. ವಿಂಡೋಸ್ ಕೀ ಜೊತೆಗೆ R ಒತ್ತಿ, ಕೆಳಗಿನದನ್ನು ಟೈಪ್ ಮಾಡಿ ಎಂಟರ್ ಒತ್ತಿರಿ.

```
devmgmt.msc
```

ತೆರೆದುಕೊಳ್ಳುವ "Device Manager" ಕಿಟಕಿಯ ಮೇಲೆ ಕಣ್ಣಿಟ್ಟು, ಕೇಬಲ್ಲನ್ನು ತೆಗೆದು ಮತ್ತೆ ಹಾಕಿ. ಕಂಪ್ಯೂಟರಿಗೆ ಫೋನಿನ ಸುಳಿವು ಸಿಕ್ಕಿದ್ದರೆ ಪಟ್ಟಿ ಒಮ್ಮೆ ಮಿನುಗಿ ಹೊಸದಾಗಿ ಮೂಡುತ್ತದೆ. ಧ್ವನಿ ಆನ್ ಇದ್ದರೆ ಸಣ್ಣ ಸದ್ದೂ ಕೇಳಿಸುತ್ತದೆ.

ಪಟ್ಟಿ ಅಲುಗಾಡದಿದ್ದರೆ ಕೇಬಲ್ಲನ್ನೇ ಅನುಮಾನಿಸಿ. ಸಾಮಾನ್ಯ ಯುಎಸ್‌ಬಿ 2.0 ಕೇಬಲ್ಲಿನಲ್ಲಿ 4 ತಂತಿಗಳಿರುತ್ತವೆ: 2 ವಿದ್ಯುತ್ತಿಗೆ, 2 ಡೇಟಾಕ್ಕೆ. ಫೋನ್ ತಾನು ಬಂದಿದ್ದೇನೆಂದು ತಿಳಿಸುವುದು ಡೇಟಾ ತಂತಿಗಳಲ್ಲೊಂದರ ವೋಲ್ಟೇಜನ್ನು ಮೇಲಕ್ಕೆತ್ತುವ ಮೂಲಕ, ಮತ್ತು ಕಂಪ್ಯೂಟರ್ ಕಾಯುತ್ತಿರುವುದು ಆ ಏರಿಕೆಯನ್ನೇ. ಚಾರ್ಜಿಗೆ ಮಾತ್ರ ತಯಾರಾದ ಕೇಬಲ್ಲಿನಲ್ಲಿ ಆ ತಂತಿಗಳಿಲ್ಲದ ಕಾರಣ, ವಿದ್ಯುತ್ ಹರಿದು ಬ್ಯಾಟರಿ ತುಂಬುತ್ತಿದ್ದರೂ ಕಂಪ್ಯೂಟರಿನ ಪಾಲಿಗೆ ಆ ಪೋರ್ಟ್ ಖಾಲಿಯಾಗಿಯೇ ಇರುತ್ತದೆ. ಹಾಗಾಗಿ ಯಾವ ಡ್ರೈವರ್ ಹಾಕಿದರೂ, ಯಾವ ಸೆಟ್ಟಿಂಗ್ ಬದಲಿಸಿದರೂ ಫಲವಿಲ್ಲ. ಜನರು ಅತಿ ಹೆಚ್ಚು ಸಮಯ ಕಳೆದುಕೊಳ್ಳುವುದು ಇಲ್ಲಿಯೇ ಎಂಬುದು ನನ್ನ ಅನಿಸಿಕೆ.

ಫೋನಿನಲ್ಲೂ ಇದರ ಗುರುತು ಸಿಗುತ್ತದೆ. ಇಂಥ ಕೇಬಲ್ ಹಾಕಿದಾಗ ಫೋನ್ ತನ್ನನ್ನು ಯಾವುದೋ ಚಾರ್ಜರಿಗೆ ಜೋಡಿಸಲಾಗಿದೆ ಎಂದು ತಿಳಿಯುತ್ತದೆ. ಬ್ಯಾಟರಿಯ ಚಿಹ್ನೆ ಬದಲಾಗುತ್ತದೆಯೇ ಹೊರತು ಯುಎಸ್‌ಬಿಗೆ ಸಂಬಂಧಿಸಿದ ಸೂಚನೆ ಬರುವುದಿಲ್ಲ. ಕಂಪ್ಯೂಟರ್ ಕಡೆಯ ಚಪ್ಪಟೆ ಪ್ಲಗ್ಗಿನ ಒಳಗೂ ಬೆಳಕು ಹಿಡಿದು ನೋಡಿ. ಅಕ್ಕಪಕ್ಕದ ಎರಡು ಉದ್ದನೆಯ ಲೋಹದ ಪಟ್ಟಿಗಳು ವಿದ್ಯುತ್ತಿನವು, ನಡುವಿನ ಎರಡು ಗಿಡ್ಡ ಪಟ್ಟಿಗಳು ಡೇಟಾದವು. ನಡುವಿನವು ಇಲ್ಲದಿದ್ದರೆ ಅನುಮಾನಕ್ಕೆ ಎಡೆಯಿಲ್ಲ. ಆದರೆ ಪಟ್ಟಿಗಳಿದ್ದು ಒಳಗೆ ತಂತಿ ಜೋಡಿಸದ ಕೇಬಲ್ಲುಗಳೂ ಇರುವುದರಿಂದ, ಅವು ಕಂಡವೆಂಬ ಮಾತ್ರಕ್ಕೆ ಕೇಬಲ್ ಸರಿಯಿದೆ ಎನ್ನಲಾಗದು. ಫೈಲ್ ಕಳುಹಿಸಲು ಬಳಸಿ ಖಾತ್ರಿಯಾಗಿರುವ ಬೇರೊಂದು ಕೇಬಲ್ ಹಾಕಿ ನೋಡುವುದೇ ನಿಜವಾದ ಪರೀಕ್ಷೆ. ನಾನು ಚಾರ್ಜಿಗಷ್ಟೇ ಆಗುವ ಕೇಬಲ್ಲಿನ ತುದಿಗೆ ಬಣ್ಣದ ಟೇಪ್ ಸುತ್ತಿಡುತ್ತೇನೆ, ಏಕೆಂದರೆ ಹೊರನೋಟಕ್ಕೆ ಎರಡೂ ಒಂದೇ ರೀತಿ ಕಾಣುತ್ತವೆ.

ಪಟ್ಟಿ ಮಿನುಗಿದರೆ, ಅಥವಾ ಫೋನಿನ ಹೆಸರು ಕಾಣಿಸಿದರೂ ಅದನ್ನು ತೆರೆದಾಗ ಒಳಗೆ ಏನೂ ಇಲ್ಲದಿದ್ದರೆ, ಕೇಬಲ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಉಳಿದಿರುವುದು ಫೋನಿನ ಮೋಡ್. 2015ರಲ್ಲಿ ಬಂದ ಆಂಡ್ರಾಯ್ಡ್ 6.0ರಿಂದ ಈಚೆಗೆ, ಕೇಬಲ್ ಹಾಕಿದಾಗ ಫೋನ್ ಚಾರ್ಜ್ ಮಾತ್ರ ಮಾಡಿಕೊಳ್ಳುವುದು ಪೂರ್ವನಿಯೋಜಿತ ನಡವಳಿಕೆಯಾಗಿದೆ. ಅಪರಿಚಿತ ಕಂಪ್ಯೂಟರಿಗೆ ಜೋಡಿಸಿದ ಕೂಡಲೇ ಫೈಲುಗಳು ತೆರೆದುಕೊಳ್ಳಬಾರದು ಎಂಬ ಈ ಏರ್ಪಾಡು ನನಗೆ ಸರಿಯೆಂದೇ ತೋರುತ್ತದೆ. ಫೋನಿನ ಲಾಕ್ ತೆಗೆದು, ಮೇಲಿನಿಂದ ಸೂಚನೆಗಳ ಪರದೆಯನ್ನು ಎಳೆದರೆ "Charging this device via USB" ಎಂಬ ಸಾಲು ಅಥವಾ ಅದಕ್ಕೆ ಹತ್ತಿರದ ಮಾತು ಕಾಣುತ್ತದೆ. ಅದನ್ನು ಒತ್ತಿ "File transfer" ಆಯ್ದುಕೊಳ್ಳಿ. ಕೇಬಲ್ ತೆಗೆದೊಡನೆ ಈ ಆಯ್ಕೆ ಅಳಿಸಿಹೋಗುವುದರಿಂದ ಮುಂದಿನ ಸಲವೂ ಇದನ್ನೇ ಮಾಡಬೇಕು. ಅದು ಬೇಸರವೆನಿಸಿದರೆ "Developer options" ಒಳಗಿನ "Default USB configuration" ಎಂಬಲ್ಲಿ ಬದಲಿಸಬಹುದು. ಆಗಲೂ ಲಾಕ್ ತೆಗೆಯದೆ ಫೈಲುಗಳು ಕಾಣಿಸುವುದಿಲ್ಲ.

ಇವೆರಡರ ನಡುವೆ ಇನ್ನೊಂದು ಸ್ಥಿತಿಯಿದೆ. ಪಟ್ಟಿಯಲ್ಲಿ "Unknown USB Device" ಎಂದು ಬಂದರೆ ಡೇಟಾ ತಂತಿಗಳು ಇವೆ, ಆದರೆ ಅವುಗಳಲ್ಲಿ ಮಾತು ಪೂರ್ತಿಯಾಗಿ ದಾಟುತ್ತಿಲ್ಲ. ಹಬ್ ಬಳಸುತ್ತಿದ್ದರೆ ಅದನ್ನು ಬಿಟ್ಟು ನೇರವಾಗಿ ಕಂಪ್ಯೂಟರಿಗೆ ಜೋಡಿಸಿ. ಫೋನನ್ನು ಆಫ್ ಮಾಡಿ, ಅದರ ಪೋರ್ಟಿನಲ್ಲಿ ಸೇರಿಕೊಂಡ ಧೂಳು ಮತ್ತು ನೂಲೆಳೆಗಳನ್ನು ಮರದ ಟೂತ್‌ಪಿಕ್‌ನಿಂದ ಮೃದುವಾಗಿ ತೆಗೆಯಿರಿ. ಲೋಹದ ಪಿನ್ ಖಂಡಿತ ಬೇಡ. ಖಾತ್ರಿಯಾದ ಕೇಬಲ್ಲಿನಲ್ಲಿ, ಬೇರೊಂದು ಕಂಪ್ಯೂಟರಿನಲ್ಲೂ ಇದೇ ಸೂಚನೆ ಬಂದರೆ ಆಗ ಪೋರ್ಟನ್ನು ದುರಸ್ತಿಗೆ ತೋರಿಸಬಹುದು.